ಶೀರ್ ಕರ್ಟನ್ ರೆಂಡರ್: ನೆರಿಗೆಯಲ್ಲಿ ಕಪ್ಪು ಪಟ್ಟೆ, ಕಿಟಕಿಯ ಹೊರಗಿನ ನೋಟ ಅಂಟಿಸಿದ ಹಾಗೆ

ಮಲ್ಪೆ ಗಾಳಿ

ನಮಸ್ಕಾರ ಎಲ್ಲರಿಗೂ. ಉಡುಪಿಯ ಒಂದು ಫರ್ನಿಶಿಂಗ್ ಅಂಗಡಿಗೆ ಕರ್ಟನ್ ಮತ್ತು ಬ್ಲೈಂಡ್ಸ್ ಚಿತ್ರಗಳು ಆಗಬೇಕು. ಬ್ಲೆಂಡರಿನ ಸೈಕಲ್ಸ್‌ನಲ್ಲಿ ಮಾಡ್ತಾ ಇದ್ದೇನೆ. ಮೊದಲನೆಯದು ಬಿಳಿ ಶೀರ್ ಕರ್ಟನ್. ಮೂರನೇ ಮಹಡಿಯ ಫ್ಲ್ಯಾಟ್, ಪಶ್ಚಿಮದ ಕಿಟಕಿ, ಸಂಜೆ ನಾಲ್ಕು ಗಂಟೆಯ ಬಿಸಿಲು ಹಿಂದಿನಿಂದ ಬರಬೇಕು.

ಕಿಟಕಿ 5 ಅಡಿ ಅಗಲ, 4 ಅಡಿ ಎತ್ತರ, ನೆಲದಿಂದ 3 ಅಡಿಗೆ ಶುರು. ರಾಡ್ 6 ಅಡಿ. ಬಟ್ಟೆಗೆ ಒಂದು ಅಲೆಅಲೆಯಾದ ಹಾಳೆ ಮಾಡಿ Solidify ಹಾಕಿದ್ದೇನೆ. ಮೆಟೀರಿಯಲ್‌ನಲ್ಲಿ Transparent BSDF ಮತ್ತು Diffuse BSDF ಎರಡನ್ನು Mix Shader‌ಗೆ ಕೊಟ್ಟು Fac 0.6 ಇಟ್ಟಿದ್ದೇನೆ. ಕಿಟಕಿಗೆ Glass BSDF ಇರುವ ಗಾಜು ಉಂಟು. ಹೊರಗಿನ ನೋಟಕ್ಕೆ ಇಂಟರ್‌ನೆಟ್ಟಿನಿಂದ ತೆಗೆದ ತೆಂಗಿನ ತೋಟದ ಫೋಟೋ.

ತೊಂದರೆ ಮೂರು. ಕರ್ಟನ್ ಸರಿಸಿ ಗುಂಪು ಮಾಡಿದ ಕಡೆ, ಎಡತುದಿಯಲ್ಲಿ, ನೆರಿಗೆಗಳ ನಡುವೆ ಕಪ್ಪು ಪಟ್ಟೆ ಬರ್ತದೆ. ಉಳಿದ ಕಡೆ ಬಟ್ಟೆ ಪ್ಲಾಸ್ಟಿಕ್ ಕಾಗದದ ಹಾಗೆ ಒಂದೇ ಸಮ ಕಾಣ್ತದೆ, ನೆರಿಗೆ ತುಂಬಿಕೊಳ್ಳುವುದೇ ಇಲ್ಲ. ಹೊರಗಿನ ನೋಟವಂತೂ ಗೋಡೆಗೆ ಕ್ಯಾಲೆಂಡರ್ ಅಂಟಿಸಿದ ಹಾಗೆ.

ಕಂಕನಾಡಿ ರೆಂಡರ್

ಕಪ್ಪು ಪಟ್ಟೆ ಅಂದ್ರೆ ಸ್ಯಾಂಪಲ್ ಸಾಲ್ತಾ ಇಲ್ಲ. 4096 ಇಡಿ, ಡಿನಾಯ್ಸ್ ಆನ್ ಮಾಡಿ. Mix Shader ಎಲ್ಲ ಬಿಟ್ಟು Principled‌ನಲ್ಲೇ Alpha 0.4 ಮಾಡಿದ್ರೆ ಸಾಕು, ಸುಲಭ. ಹೊರಗಿನ ಫೋಟೋವನ್ನು 10 ಪಿಕ್ಸೆಲ್ ಮಸುಕು ಮಾಡಿ, ಶೀರ್ ಹಿಂದೆ ಯಾವಾಗಲೂ ಮಸುಕಾಗಿಯೇ ಕಾಣುವುದು. ಮತ್ತೆ Translucent ಬಳಸದಿದ್ದರೆ ಹಿಂದಿನ ಬಿಸಿಲಿಗೆ ಬಟ್ಟೆ ಹೊಳೆಯುವುದೇ ಇಲ್ಲ, ಅದೊಂದು ಹಾಕಿ.

ಹಂಪನಕಟ್ಟೆ ವಾಸಿ

ಪಶ್ಚಿಮದ ಕಿಟಕಿಗೆ ಬರೀ ಶೀರ್ ಹಾಕಿದ್ರೆ ಸಂಜೆ ಬಿಸಿಲು ತಡೆಯುವುದಿಲ್ಲ ಮಾರಾಯ್ರೆ. ಎರಡು ರಾಡ್ ಹಾಕಿ, ಹಿಂದೆ ಶೀರ್, ಮುಂದೆ ಬ್ಲ್ಯಾಕೌಟ್ ಲೈನಿಂಗ್ ಇರುವ ದಪ್ಪ ಬಟ್ಟೆ. ನಮ್ಮ ಹಾಲಿನಲ್ಲಿ ಹಾಗೇ ಇರುವುದು, ಸೋಫಾ ಬಣ್ಣ ಹೋಗುವುದು ನಿಂತಿದೆ.

ಮಲ್ಪೆ ಗಾಳಿ

ಅಯ್ಯೋ ಸರ್, ಇದು ಮನೆಗೆ ಹಾಕುವ ಕರ್ಟನ್ ಅಲ್ಲ, ಕಂಪ್ಯೂಟರಿನಲ್ಲಿ ಮಾಡುವ ಚಿತ್ರ. ಆದರೂ ಎರಡು ರಾಡಿನ ಮಾತು ಒಳ್ಳೆಯದು. ಅಂಗಡಿಯವರ ಮುಂದಿನ ಚಿತ್ರಕ್ಕೆ ಅದೇ ಬೇಕಂತೆ.

ಕಂಕನಾಡಿಯವರೇ, 64 ಸ್ಯಾಂಪಲ್‌ನಲ್ಲೂ 4096ರಲ್ಲೂ ಮಾಡಿ ನೋಡಿದೆ. ಪಟ್ಟೆ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಪಡುಬಿದ್ರಿ ಪಿಕ್ಸೆಲ್

ಬದಲಾಗಲಿಲ್ಲ ಅಂತ ನೀವು ಹೇಳಿದ್ದರಲ್ಲೇ ಉತ್ತರ ಉಂಟು. ಸ್ಯಾಂಪಲ್ ಸಾಲದೆ ಬರುವ ಕಪ್ಪು ಚುಕ್ಕಿಚುಕ್ಕಿಯಾಗಿ ಇರ್ತದೆ, ಸ್ಯಾಂಪಲ್ ಏರಿಸಿದ ಹಾಗೆ ಕರಗ್ತದೆ. ಅಂಚು ಕತ್ತರಿಸಿದ ಹಾಗೆ ನಿಂತ ಕಪ್ಪು ಬೇರೆ. ಅಲ್ಲಿ ಕಿರಣ ಬಟ್ಟೆಯ ಪದರಗಳನ್ನು ದಾಟ್ತಾ ದಾಟ್ತಾ ಮಿತಿ ಮುಗಿದು ನಿಂತುಬಿಟ್ಟಿದೆ.

ಸೈಕಲ್ಸ್‌ನಲ್ಲಿ ಪಾರದರ್ಶಕ ಮೇಲ್ಮೈಗಳಿಗೆ ಪ್ರತ್ಯೇಕ ಮಿತಿ ಇದೆ, ಸುಮ್ಮನೆ ಬಿಟ್ಟರೆ ಅದು 8. ನಿಮ್ಮ ಎಡತುದಿಯಲ್ಲಿ ಎಷ್ಟು ಪದರ ಉಂಟು ಅಂತ ಎಣಿಸಿ. ಗುಂಪು ಮಾಡಿದ ಕರ್ಟನ್ ಅನ್ನು ಓರೆಯಾಗಿ ನೋಡಿದರೆ ಐದಾರು ನೆರಿಗೆ ಒಂದರ ಹಿಂದೆ ಒಂದು ಬರ್ತದೆ. Solidify ಹಾಕಿದ್ದರಿಂದ ಒಂದೊಂದು ಬಟ್ಟೆಗೂ ಎರಡು ಮೈ. ಅಲ್ಲಿಗೆ ಹತ್ತು ಹನ್ನೆರಡಾಯಿತು. ಎಂಟರ ಆಚೆಗೆ ಹೋಗಬೇಕಾದ ಕಿರಣಕ್ಕೆ ಸಿಗುವುದು ಕಪ್ಪು. ಬಿಸಿಲು ಒಳಗೆ ಬರುವ ದಾರಿಗೂ ಇದೇ ಮಿತಿ, ಹಾಗಾಗಿ ಆ ಗುಂಪಿನಿಂದ ಕೋಣೆಯೊಳಗೆ ಬೀಳುವ ನೆರಳು ಕೂಡ ಅತಿಯಾಗಿ ಕಪ್ಪಾಗಿರ್ತದೆ, ನೋಡಿ. ಅನುಮಾನ ಇದ್ದರೆ ಮಿತಿಯನ್ನು 8ರಿಂದ 9ಕ್ಕೆ ಮಾತ್ರ ಏರಿಸಿ. ಪಟ್ಟೆ ಸ್ವಲ್ಪ ಸಣ್ಣದಾದರೆ ರೋಗ ಇದೇ.

ಮೊದಲು Solidify ತೆಗೆಯಿರಿ. ಶೀರ್ ಬಟ್ಟೆಗೆ ದಪ್ಪ ಬೇಡ, ಒಂದೇ ಹಾಳೆ ಸಾಕು. ಆಮೇಲೆ ಮಿತಿ ಏರಿಸಿ:

```
import bpy
bpy.context.scene.cycles.transparent_max_bounces = 32
```

ಇದು Render ಟ್ಯಾಬಿನ Light Paths ಒಳಗೆ Transparent ಅಂತಲೂ ಇದೆ. ಈ ಚಿತ್ರಕ್ಕೆ 32 ಧಾರಾಳ.

ಇನ್ನು ಪ್ಲಾಸ್ಟಿಕ್ ವಿಷಯ. Alpha 0.4 ಅಂತ ಇಟ್ಟರೂ Fac 0.6 ಅಂತ ಇಟ್ಟರೂ ಆಗುವುದು ಒಂದೇ, ಬಟ್ಟೆಯನ್ನು ಎತ್ತ ಕಡೆಯಿಂದ ನೋಡಿದರೂ ಅಷ್ಟೇ ಪಾರದರ್ಶಕ. ನಿಜವಾದ ಶೀರ್ ಹಾಗಲ್ಲ. ಅದು ಸಣ್ಣ ಸಣ್ಣ ತೂತುಗಳ ಬಲೆ. ನೇರವಾಗಿ ನೋಡಿದರೆ ತೂತು ತೆರೆದು ಕಾಣ್ತದೆ, ಓರೆಯಾಗಿ ನೋಡಿದರೆ ನೂಲುಗಳೇ ತೂತನ್ನು ಮುಚ್ಚಿಬಿಡ್ತವೆ. ನೆರಿಗೆಯ ನೆತ್ತಿ ನಮ್ಮ ಕಡೆ ಮುಖ ಮಾಡಿರ್ತದೆ, ಅಲ್ಲಿ ತೆಳು. ಪಕ್ಕಗಳು ಓರೆ, ಅಲ್ಲಿ ಹಾಲಿನ ಹಾಗೆ ಗಟ್ಟಿ. ಹಿಂದಿನ ಬೆಳಕಿಗೆ ನೆರಿಗೆ ಕಾಣುವುದೇ ಈ ತೆಳು ಗಟ್ಟಿ ಸಾಲಿನಿಂದ. ನಿಮ್ಮ ಚಿತ್ರದಲ್ಲಿ ಇಲ್ಲದ್ದು ಅದು.

ಹೀಗೆ ಮಾಡಿ. Layer Weight ನೋಡಿನ Facing ತೆಗೆದುಕೊಂಡು Map Range‌ಗೆ ಕೊಡಿ, To Min 0.45, To Max 0.95. ಅದರ ಫಲವನ್ನು Mix Shader‌ನ Fac‌ಗೆ ಹಾಕಿ. ಮೇಲಿನ ಸಾಕೆಟ್ಟಿಗೆ Transparent, ಕೆಳಗಿನದಕ್ಕೆ ಬಟ್ಟೆ. ನೇರ ನೋಟಕ್ಕೆ ನೂರರಲ್ಲಿ 45 ಪಾಲು ಬಟ್ಟೆ, ಪೂರ್ತಿ ಓರೆಯಾದಾಗ 95 ಪಾಲು. ಬಟ್ಟೆ ಅಂದ್ರೆ Diffuse ಮತ್ತು Translucent ಅರ್ಧ ಅರ್ಧ, Translucent ಬೇಕು ಅಂತ ಕಂಕನಾಡಿಯವರು ಹೇಳಿದ್ದು ಸರಿಯೇ. ಬಿಳಿ ಅಂತ 1.0 ಇಡಬೇಡಿ, 0.8 ಸಾಕು. 1.0 ಇಟ್ಟರೆ ಬೆಳಕು ನೆರಿಗೆಗಳ ನಡುವೆ ಪುಟಿಯುತ್ತಲೇ ಇದ್ದು ಎಲ್ಲ ನೆರಿಗೆ ಒಂದೇ ಬಿಳಿಯಾಗಿ ತೊಳೆದುಹೋಗ್ತದೆ.

ಗಾಜನ್ನೂ ತೆಗೆಯಿರಿ. Glass BSDF ಇರುವ ಗಾಜು ಬಿಸಿಲಿನ ನೇರ ದಾರಿಯನ್ನು ತಡೆಯುತ್ತದೆ, ಕೋಣೆ ಕತ್ತಲಾಗ್ತದೆ. ಅದನ್ನು ಸರಿಮಾಡ್ಲಿಕ್ಕೆ ಒಳಗೆ ಲೈಟ್ ಹಾಕಿರಬೇಕು ನೀವು. ಮುಂದಿನಿಂದ ಲೈಟ್ ಬಿದ್ದರೆ ಹಿಂದಿನ ಬೆಳಕಿನ ನೆರಿಗೆ ಸತ್ತುಹೋಗ್ತದೆ. ಶೀರ್ ಹಿಂದೆ ಗಾಜು ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ.

ಮಲ್ಪೆ ಗಾಳಿ

ಒಳಗೆ ಎರಡು ಏರಿಯಾ ಲೈಟ್ ಹಾಕಿದ್ದು ಹೌದು! ತೆಗೆದೆ. ಪಟ್ಟೆ ಹೋಯಿತು, ನೆರಿಗೆಗೆ ಜೀವ ಬಂತು. ಈಗ ಅಂಗಡಿಯವರು ಬೇರೆ ಹೇಳ್ತಾರೆ. "ಇದು ಕರ್ಟನ್ ಅಲ್ಲ, ಸಿಮೆಂಟ್ ಶೀಟ್ ಹಾಗೆ ಉಂಟು" ಅಂತ. ಅಲೆ ಎಲ್ಲ ಕಡೆ 2 ಇಂಚು ಆಳ ಇಟ್ಟಿದ್ದೇನೆ, ಎಂತ ತಪ್ಪು?

ದರ್ಜಿ ಅಕ್ಕ

ಅಂಗಡಿಯವರು ಹೇಳಿದ್ದು ಸರಿ ತಮ್ಮ. ನನಗೆ ಕಂಪ್ಯೂಟರ್ ಗೊತ್ತಿಲ್ಲ, ಹೊಲಿಗೆ ಗೊತ್ತು. ಬಟ್ಟೆ ಎಷ್ಟು ಹೋಗ್ತದೆ ಅಂತ ಮೊದಲು ಲೆಕ್ಕ ಹಾಕು.

6 ಅಡಿ ರಾಡಿಗೆ ಶೀರ್ ತುಂಬಿ ಕಾಣಬೇಕಾದರೆ 48 ಇಂಚು ಅಗಲದ ನಾಲ್ಕು ಪೀಸ್ ಹಾಕ್ತೇವೆ. 72 ಇಂಚಿನ ರಾಡಿಗೆ 192 ಇಂಚು ಬಟ್ಟೆ, ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಮೂರು ಪೀಸಿನಲ್ಲೂ ಮುಗಿಸುವವರು ಇದ್ದಾರೆ, ಆದರೆ ಮುಚ್ಚಿದಾಗ ನೆರಿಗೆ ಸತ್ತುಹೋದ ಹಾಗೆ ಕಾಣ್ತದೆ. ಒಂದು ಪೀಸಿಗೆ ಎಂಟು ಐಲೆಟ್ ರಿಂಗ್. ಯಾವಾಗಲೂ ಸಮ ಸಂಖ್ಯೆ, ಇಲ್ಲದಿದ್ದರೆ ಒಂದು ಅಂಚು ಗೋಡೆ ಕಡೆ, ಇನ್ನೊಂದು ಅಂಚು ಕೋಣೆ ಕಡೆ ತಿರುಗಿ ನಿಲ್ತದೆ. ರಿಂಗಿನಿಂದ ರಿಂಗಿಗೆ ಬಟ್ಟೆಯಲ್ಲಿ ಹತ್ತಿರಹತ್ತಿರ 6 ಇಂಚು. ರಾಡಿನ ಮೇಲೆ ಮುಚ್ಚಿದಾಗ ಒಂದು ಪೀಸಿಗೆ ಸಿಗುವುದು 18 ಇಂಚು ಜಾಗ, ಅಂದ್ರೆ ರಿಂಗಿನಿಂದ ರಿಂಗಿಗೆ ಎರಡೂವರೆ ಇಂಚು. 6 ಇಂಚು ಬಟ್ಟೆ ಎರಡೂವರೆ ಇಂಚಿನಲ್ಲಿ ಕೂರಬೇಕಾದರೆ ಉಳಿದದ್ದು ಎಲ್ಲಿಗೆ ಹೋಗುವುದು? ಮುಂದಕ್ಕೂ ಹಿಂದಕ್ಕೂ. ಒಟ್ಟು ಆಳ 5 ಇಂಚಿನ ಆಸುಪಾಸು ಬರ್ತದೆ. ನಿನ್ನ 2 ಇಂಚು ಸಾಲದು. ರಾಡನ್ನೂ ಗೋಡೆಯಿಂದ 3 ಇಂಚಾದರೂ ಮುಂದೆ ಇಡು, ಇಲ್ಲದಿದ್ದರೆ ನೆರಿಗೆ ಗೋಡೆಯೊಳಗೆ ಹೊಕ್ಕ ಹಾಗೆ ಕಾಣ್ತದೆ.

ಇನ್ನೊಂದು. ನೆರಿಗೆ ಸಮವಾಗಿ ಇರುವುದು ರಿಂಗಿನ ಹತ್ತಿರ ಮಾತ್ರ. ಕೆಳಗೆ ಇಳಿದ ಹಾಗೆ ಸಡಿಲವಾಗ್ತದೆ, ಕೆಲವು ಅಗಲ, ಕೆಲವು ಒಂದಕ್ಕೊಂದು ತಾಗಿ ನಿಲ್ತವೆ. ಮೇಲಿಂದ ಕೆಳಗಿನವರೆಗೆ ಗೆರೆ ಎಳೆದ ಹಾಗೆ ಇದ್ದರೆ ಸಿಮೆಂಟ್ ಶೀಟೇ ಸರಿ.

ಕೆಳಗಿನ ಮಡಚು ಪಟ್ಟಿ ಮರೆಯಬೇಡ. 4 ಇಂಚಿನ ಪಟ್ಟಿ, ಎರಡು ಸಲ ಮಡಚಿ ಹೊಲಿದದ್ದು. ಬೆಳಕಿಗೆ ಹಿಡಿದರೆ ಅದು ಬೇರೆಯೇ ಕಾಣ್ತದೆ. ಪೀಸಿಗೆ ಪೀಸು ಕೂಡಿಸಿ ಹೊಲಿದರೆ ಆ ಜೋಡಣೆಯ ಗೆರೆ ಕೂಡ ಮೇಲಿಂದ ಕೆಳಗೆ ಕಾಣ್ತದೆ. ಅಂಗಡಿಯಲ್ಲಿ ದೊಡ್ಡ ಅಗಲದ ಶೀರ್ ಥಾನು ಇದ್ದರೆ ಅಡ್ಡಕ್ಕೆ ತಿರುಗಿಸಿ ಜೋಡಣೆ ಇಲ್ಲದೆ ಹೊಲಿಯುತ್ತಾರೆ. ಯಾವ ಬಟ್ಟೆ ಅಂತ ಅವರನ್ನು ಕೇಳಿಯೇ ಮಾಡು. ಇಲ್ಲದ ಜೋಡಣೆ ತೋರಿಸಿದರೂ ತಪ್ಪು, ಇರುವುದನ್ನು ಮುಚ್ಚಿದರೂ ಗಿರಾಕಿ ಬಂದು ಜಗಳ ಮಾಡ್ತಾರೆ.

ಪಡುಬಿದ್ರಿ ಪಿಕ್ಸೆಲ್

ಅಕ್ಕ ಹೇಳಿದ ಪಟ್ಟಿಯನ್ನು ಹೊಸದಾಗಿ ಮಾಡೆಲ್ ಮಾಡಬೇಕಾಗಿಲ್ಲ. ಎರಡು ಸಲ ಮಡಚಿದರೆ ಅಲ್ಲಿ ಮೂರು ಪದರ. ಒಂದು ಪದರದಲ್ಲಿ 0.55 ಪಾಲು ಬೆಳಕು ನೇರ ದಾಟಿದರೆ ಎರಡರಲ್ಲಿ 0.30, ಮೂರರಲ್ಲಿ 0.17. ಕೆಳಗಿನ 4 ಇಂಚಿಗೆ ಬೇರೆ ಮೆಟೀರಿಯಲ್ ಕೊಟ್ಟು ಅದರ Map Range‌ನಲ್ಲಿ To Min 0.83 ಇಡಿ, ಮುಗಿಯಿತು. ಪಕ್ಕದ ಅಂಚು, ಜೋಡಣೆಯ ಗೆರೆ ಎಲ್ಲದಕ್ಕೂ ಇದೇ ಲೆಕ್ಕ. ಹಿಂದಿನ ಬೆಳಕಿನ ಚಿತ್ರದಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದೇ ಆ ಪಟ್ಟಿಗೆ. ಅದಿಲ್ಲದಿದ್ದರೆ ಬಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸಿ ನೇತುಹಾಕಿದ ಹಾಗೆ.

ಕಂಕನಾಡಿ ರೆಂಡರ್

ನೂಲಿನ ನೇಯ್ಗೆಯ ಟೆಕ್ಸ್ಚರ್ ಹಾಕಿದ್ರೆ ಈ Facing ತಾಪತ್ರಯ ಯಾಕೆ? ತೂತುಗಳೇ ಇರ್ತವಲ್ಲ.

ಪಡುಬಿದ್ರಿ ಪಿಕ್ಸೆಲ್

ಹತ್ತಿರದಿಂದ, ಬಟ್ಟೆಯ ಒಂದು ಅಂಗೈ ಅಗಲ ಮಾತ್ರ ತೋರಿಸುವಾಗ ಸರಿ. ಇಡೀ ಕಿಟಕಿ ತೋರಿಸುವಾಗ ಒಂದು ಪಿಕ್ಸೆಲ್ಲಿನೊಳಗೆ ಎಷ್ಟೋ ನೂಲು ಬಂದುಬಿಡ್ತವೆ, ಆಗ ನೀರಿನ ಅಲೆಯಂಥ ಸುಳ್ಳು ವಿನ್ಯಾಸ ಏಳ್ತದೆ. ಚಿತ್ರವನ್ನು ಸಣ್ಣದು ಮಾಡಿ ವಾಟ್ಸಾಪಿನಲ್ಲಿ ಕಳಿಸಿದಾಗ ಇನ್ನೂ ಜಾಸ್ತಿ. ಇನ್ನೊಂದು, ಟೆಕ್ಸ್ಚರಿನ ತೂತಿಗೆ ಆಳ ಇಲ್ಲ. ಓರೆಯಾಗಿ ನೋಡಿದರೂ ಅದು ಮುಚ್ಚಿಕೊಳ್ಳುವುದಿಲ್ಲ. ಹಾಗಾಗಿ Facing ಅಲ್ಲೂ ಬೇಕಾಗ್ತದೆ.

ತೆಂಗಿನಗರಿ

ನಾನು ಕಟ್ಟಡಗಳ ಫೋಟೋ ತೆಗೆಯುವವ, ರೆಂಡರ್ ಮಾಡುವವನಲ್ಲ. ಕಿಟಕಿಯ ನೋಟದ ಬಗ್ಗೆ ಮಾತ್ರ ಹೇಳ್ತೇನೆ.

ನಿಮ್ಮ ತೆಂಗಿನ ತೋಟದ ಫೋಟೋ ನೆಲದಲ್ಲಿ ನಿಂತು ತೆಗೆದದ್ದು. ಕಾಂಡ ಕಾಣ್ತಾ ಉಂಟು, ಗರಿ ಮೇಲೆ ಆಕಾಶದಲ್ಲಿ ಉಂಟು. ಮೂರನೇ ಮಹಡಿ ಅಂದ್ರೆ ಸುಮಾರು 30 ಅಡಿ ಎತ್ತರ. ಅಲ್ಲಿಂದ ನೋಡಿದರೆ ಬೆಳೆದ ತೆಂಗಿನ ಮರದ ಗರಿ ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲೆ, ಕೆಳಗೆ ಹೆಂಚಿನ ಮಾಡುಗಳ ಇಳಿಜಾರು, ಕಲ್ಲಿನ ಕಂಪೌಂಡು. ಆ ಎತ್ತರದಿಂದ ತೆಗೆದ ಫೋಟೋ ಬೇಕು. ಯಾವುದಾದರೂ ಫ್ಲ್ಯಾಟಿನ ಮೂರನೇ ಮಹಡಿಯ ಬಾಲ್ಕನಿಯಿಂದ, ಕ್ಯಾಮೆರಾ ಮೇಲೆ ಕೆಳಗೆ ವಾಲದ ಹಾಗೆ ಸಮವಾಗಿ ಹಿಡಿದು ತೆಗೆಯಿರಿ.

ಅದಕ್ಕಿಂತ ಮುಖ್ಯ ದಿಗಂತದ ಗೆರೆ. ದಿಗಂತ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಕಾಣುವುದು, ನೀವು ಎಷ್ಟನೇ ಮಹಡಿಯಲ್ಲಿ ಇದ್ದರೂ. ನಿಮ್ಮ ರೆಂಡರಿನ ಕ್ಯಾಮೆರಾ ಕೋಣೆಯ ನೆಲದಿಂದ 4 ಅಡಿ ಮೇಲೆ ಇದ್ದರೆ ದಿಗಂತ ಕಿಟಕಿಯನ್ನು ನೆಲದಿಂದ 4 ಅಡಿಗೇ ಕತ್ತರಿಸಬೇಕು. ಕಿಟಕಿ 3 ಅಡಿಗೆ ಶುರುವಾಗ್ತದೆ, ಹಾಗಾದರೆ ಕೆಳಗಿನಿಂದ 1 ಅಡಿ, ಅಂದ್ರೆ ಕಾಲು ಭಾಗದಲ್ಲಿ. ನಿಮ್ಮದು ಅರ್ಧಕ್ಕಿಂತ ಮೇಲೆ ಉಂಟು. ಕ್ಯಾಲೆಂಡರ್ ಅನಿಸುವುದು ಅದಕ್ಕೇ.

ಸಮುದ್ರ ತೋರಿಸುವುದಾದರೆ ನೆನಪಿಡಿ, ನಮ್ಮಲ್ಲಿ ಸಮುದ್ರ ಪಶ್ಚಿಮಕ್ಕೆ. ಸಮುದ್ರ ಕಾಣುವ ಕಿಟಕಿಯಿಂದ ಬೆಳಗಿನ ಬಿಸಿಲು ಬಂದರೆ ಮಲ್ಪೆಯ ಮಗು ಕೂಡ ನಗ್ತದೆ. ದಕ್ಷಿಣದ ಕಿಟಕಿಯಲ್ಲೂ ಜನ ತಪ್ಪುತ್ತಾರೆ. ಉಡುಪಿ ಇರುವುದು ಸುಮಾರು 13.3 ಡಿಗ್ರಿ ಉತ್ತರದಲ್ಲಿ. ಜೂನ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಹತ್ತು ಡಿಗ್ರಿ ಉತ್ತರಕ್ಕೆ ಇರ್ತಾನೆ, ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಡಿಸೆಂಬರಿನಲ್ಲಿ ದಕ್ಷಿಣದಲ್ಲಿ 53 ಡಿಗ್ರಿ ಎತ್ತರಕ್ಕೆ ಬರ್ತಾನೆ, ಆಗ ಉಂಟು. ಮಳೆಗಾಲದ ಚಿತ್ರ ಆದರೆ ಬಿಸಿಲೇ ಬೇಡ, ಬೂದು ಆಕಾಶದ ಮೆತ್ತನೆ ಬೆಳಕು ಸಾಕು, ಶೀರ್ ಅದರಲ್ಲೂ ಚಂದ.

ಕಂಕನಾಡಿ ರೆಂಡರ್

ಇದೆಲ್ಲ ಸರಿ, ಆದರೆ ಮಸುಕು ಮಾಡಿದ್ರೆ ಈ ತಪ್ಪು ಯಾವುದೂ ಕಾಣುವುದಿಲ್ಲ.

ಪಡುಬಿದ್ರಿ ಪಿಕ್ಸೆಲ್

ಶೀರ್ ಮಸುಕು ಮಾಡುವುದಿಲ್ಲ, ಅದು ತೆಳುಮಾಡ್ತದೆ. ಕಿಟಕಿಯ ಹತ್ತಿರ ಹೋಗಿ ನೋಡಿ, ತೂತಿನ ಮೂಲಕ ಬಂದ ಬೆಳಕು ನೇರ ಬರುವುದರಿಂದ ಗರಿಯ ಅಂಚು ಚೂಪಾಗಿಯೇ ಇರ್ತದೆ. ನೂಲಿಗೆ ಬಿದ್ದ ಬಿಸಿಲು ಅದರ ಮೇಲೆ ಬಿಳಿ ಮುಸುಕು ಹಾಕ್ತದೆ, ಅಷ್ಟೇ. ಕಪ್ಪು ಇದ್ದದ್ದು ಬೂದಾಗ್ತದೆ, ಬಣ್ಣ ಪೇಲವ ಆಗ್ತದೆ, ಗೆರೆ ಮಾತ್ರ ಉಳಿಯುತ್ತದೆ. ಮೇಲೆ ಹೇಳಿದ ಮೆಟೀರಿಯಲ್ ಈ ಕೆಲಸವನ್ನು ತಾನೇ ಮಾಡ್ತದೆ. ಫೋಟೋವನ್ನೂ ಮೊದಲೇ ಮಸುಕು ಮಾಡಿದರೆ ಕರ್ಟನ್ ತೆರೆದಿರುವ ಸಂದಿಯಲ್ಲಿ ಕೂಡ ಮಸುಕು ಕಂಡು ಗುಟ್ಟು ಬಯಲಾಗ್ತದೆ. ಕ್ಯಾಮೆರಾದ ಫೋಕಸ್‌ನಿಂದ ಬರುವ ಮಸುಕು ಬೇರೆ ವಿಷಯ. ಅದು ಬೇಕಿದ್ದರೆ ಕ್ಯಾಮೆರಾದಲ್ಲೇ ಇಡಿ, ಆಗ ಸಂದಿಗೂ ಬಟ್ಟೆಗೂ ಒಂದೇ ಲೆಕ್ಕ.

ಫೋಟೋ ಹಾಕಿದ ಹಾಳೆಗೆ Emission ಕೊಡಿ. ಬಟ್ಟೆ ಇಲ್ಲದ ಸಂದಿಯಲ್ಲಿ ಹೊರಗಿನ ಆಕಾಶ ಒಳಗಿನ ಬಿಳಿ ಗೋಡೆಗಿಂತ ಎರಡರಿಂದ ಮೂರು ಪಟ್ಟು ಬೆಳಗಬೇಕು. ಸಮ ಇದ್ದರೆ ಕ್ಯಾಲೆಂಡರ್, ಹತ್ತು ಪಟ್ಟು ಇದ್ದರೆ ಬರೀ ಬಿಳಿ. ಆ ಹಾಳೆಯ Ray Visibility‌ಯಲ್ಲಿ Shadow ತೆಗೆಯಿರಿ, ಇಲ್ಲದಿದ್ದರೆ ಹಾಳೆಯೇ ಬಿಸಿಲಿಗೆ ಅಡ್ಡ ನಿಲ್ತದೆ. Camera ಮಾತ್ರ ತೆಗೆಯಬೇಡಿ. Transparent ದಾಟಿದ ಕಿರಣವನ್ನು ಸೈಕಲ್ಸ್ ಆಮೇಲೂ ಕ್ಯಾಮೆರಾ ಕಿರಣ ಅಂತಲೇ ಲೆಕ್ಕ ಹಾಕ್ತದೆ, ತೆಗೆದರೆ ಶೀರ್ ಹಿಂದಿನ ನೋಟವೂ ಮಾಯ.

ಮತ್ತೆ ಗ್ರಿಲ್ ಎಲ್ಲಿ? ನಮ್ಮ ಊರಿನ ಕಿಟಕಿಗೆ ಕಬ್ಬಿಣದ ಗ್ರಿಲ್ ಇಲ್ಲದಿದ್ದರೆ ಅದು ಬೇರೆ ದೇಶದ ಮನೆ. ಸಂಜೆ ಬಿಸಿಲಿಗೆ ಗ್ರಿಲ್ಲಿನ ನೆರಳು ಶೀರ್ ಮೇಲೆ ಬಿದ್ದು ನೆರಿಗೆಯ ಜೊತೆ ಬಳುಕುತ್ತದೆ. ಚಿತ್ರವನ್ನು ನಂಬಿಸುವುದು ಅದೇ. ಸನ್ ಲ್ಯಾಂಪಿನ Angle ಅನ್ನು 0.526 ಡಿಗ್ರಿಯಲ್ಲೇ ಬಿಡಿ, ಆಕಾಶದಲ್ಲಿ ಸೂರ್ಯ ಕಾಣುವ ಅಳತೆ ಅದು. ಗ್ರಿಲ್ ಬಟ್ಟೆಯಿಂದ 6 ಇಂಚು ದೂರ ಇದ್ದರೆ ನೆರಳಿನ ಅಂಚು ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಮೆತ್ತಗಾಗ್ತದೆ. ಮೆತ್ತನೆ ಬೇಕು ಅಂತ 5 ಡಿಗ್ರಿ ಇಟ್ಟವರ ಚಿತ್ರದಲ್ಲಿ ಗ್ರಿಲ್ಲಿನ ನೆರಳು ಕೊಳೆ ಹಿಡಿದ ಹಾಗೆ ಕಾಣ್ತದೆ.

ಮಲ್ಪೆ ಗಾಳಿ

ಎಲ್ಲ ಮಾಡಿದೆ. ನೆರಿಗೆ 5 ಇಂಚು, ರಾಡ್ ಗೋಡೆಯಿಂದ 3.5 ಇಂಚು, ಕೆಳಪಟ್ಟಿ, ಗ್ರಿಲ್, ದಿಗಂತ ಕಾಲು ಭಾಗದಲ್ಲಿ. ಪರಿಚಯದವರ ಬಾಲ್ಕನಿಯಿಂದ ಫೋಟೋ ತೆಗೆದೆ. ಅಂಗಡಿಯವರು ಒಪ್ಪಿದರು. ಬಣ್ಣದ ತಕರಾರು ಒಂದು ಉಳಿದಿದೆ. ಅವರ ಐವರಿ ಬಟ್ಟೆ ಚಿತ್ರದಲ್ಲಿ ಬೂದಿಯ ಹಾಗೆ ಬರ್ತದೆ. ವ್ಯೂ ಟ್ರಾನ್ಸ್‌ಫಾರ್ಮ್ AgX ಇದೆ. Standard ಮಾಡಿದರೆ ಬಟ್ಟೆ ಸರಿ, ಕಿಟಕಿ ಸುಟ್ಟುಹೋಗ್ತದೆ.

ಪಡುಬಿದ್ರಿ ಪಿಕ್ಸೆಲ್

AgX ಬೆಳಗಿದ ಭಾಗದ ಬಣ್ಣವನ್ನು ತೆಳು ಮಾಡ್ತದೆ, ಅದರ ಕೆಲಸವೇ ಅದು. Standard ಇಟ್ಟುಕೊಂಡು ಹೊರಗಿನ ಹಾಳೆಯ Emission ಇಳಿಸಿ, ಎರಡು ಪಟ್ಟಿನ ಕೆಳಗೆ ತನ್ನಿ. ನಾನಾದರೆ ಹಾಗೆ ಮಾಡ್ತೇನೆ.

ತೆಂಗಿನಗರಿ

ನಾನು ಒಪ್ಪುವುದಿಲ್ಲ. ಹಿಂದಿನ ಬೆಳಕಿನಲ್ಲಿ ಐವರಿ ಯಾವ ಬಟ್ಟೆಯೂ ಥಾನಿನ ಬಣ್ಣದಲ್ಲಿ ಕಾಣುವುದೇ ಇಲ್ಲ, ಕಣ್ಣಿಗೂ ಕಾಣುವುದಿಲ್ಲ. ಸಂಜೆ ಬಿಸಿಲಿಗೆ ಹಳದಿ, ಮಳೆಗಾಲದಲ್ಲಿ ನೀಲಿ ಛಾಯೆ. ಬೆಳಕಿನ ಚಿತ್ರ ಚಂದಕ್ಕೆ ಇರಲಿ. ಬಣ್ಣ ತೋರಿಸ್ಲಿಕ್ಕೆ ಅದೇ ಬಟ್ಟೆಯ ತುಂಡನ್ನು ನೆರಳಿನಲ್ಲಿ, ಬೂದು ಕಾರ್ಡ್ ಇಟ್ಟು ಫೋಟೋ ತೆಗೆದು ಪಕ್ಕದಲ್ಲಿ ಹಾಕಿ.

ದರ್ಜಿ ಅಕ್ಕ

ಗಿರಾಕಿ ದೊಡ್ಡ ಚಿತ್ರ ಮಾತ್ರ ನೋಡುವುದು. ಪಕ್ಕದ ತುಂಡನ್ನು ಯಾರು ನೋಡ್ತಾರೆ?

ಮಲ್ಪೆ ಗಾಳಿ

ಎರಡೂ ಮಾಡಿ ಅಂಗಡಿಯವರಿಗೆ ತೋರಿಸ್ತೇನೆ. ಮುಂದಿನದು ಝೀಬ್ರಾ ಬ್ಲೈಂಡ್ಸ್. ಮುಂದೊಂದು ಪದರ, ಹಿಂದೊಂದು ಪದರ, ಎರಡರಲ್ಲೂ ಶೀರ್ ಪಟ್ಟಿ, ಗಟ್ಟಿ ಪಟ್ಟಿ ಸಾಲಾಗಿ. ಪಟ್ಟಿಗಳನ್ನು ಸರಿಯಾಗಿ ಕೂಡಿಸಿದ್ದೇನೆ, ಆದರೂ ಚಿತ್ರದ ಮೇಲ್ಭಾಗದಲ್ಲಿ ಸಂದಿ ಮುಚ್ಚಿ, ಕೆಳಭಾಗದಲ್ಲಿ ತೆರೆದು ಕಾಣ್ತದೆ.

ಪಡುಬಿದ್ರಿ ಪಿಕ್ಸೆಲ್

ಎರಡು ಪದರಗಳ ನಡುವಿನ ಅಂತರ ಎಷ್ಟು ಇಟ್ಟಿದ್ದೀರಿ? ಅಂತರ ಇದ್ದ ಮೇಲೆ ಕಣ್ಣಿನ ಮಟ್ಟದಲ್ಲಿ ಮಾತ್ರ ಪಟ್ಟಿಗಳು ಸರಿ ಕೂಡುವುದು, ಮೇಲೆ ಕೆಳಗೆ ಹೋದ ಹಾಗೆ ಜಾರ್ತವೆ. ನಿಜವಾದ ಬ್ಲೈಂಡ್ಸ್‌ನಲ್ಲೂ ಸ್ವಲ್ಪ ಜಾರ್ತದೆ, ಆದರೆ ನೀವು ಹೇಳುವಷ್ಟು ಅಲ್ಲ. ಕ್ಯಾಮೆರಾ ತುಂಬ ಹತ್ತಿರ ಇದೆಯಾ ಅಂತಲೂ ನೋಡಿ. ಅಂಗಡಿಯಲ್ಲಿ ಒಂದು ಸ್ಯಾಂಪಲ್ ಬಿಚ್ಚಿಸಿ ಮೇಲೆ ಒಂದು ಕಡೆ, ಕೆಳಗೆ ಭಾರದ ಪಟ್ಟಿಯ ಹತ್ತಿರ ಒಂದು ಕಡೆ ಅಂತರವನ್ನು ಸ್ಕೇಲಿನಲ್ಲಿ ಅಳೆದು ಇಲ್ಲಿ ಹಾಕಿ. ಎರಡು ಕಡೆಯೂ ಒಂದೇ ಬರುವುದಿಲ್ಲ ಅಂತ ನನ್ನ ಅಂದಾಜು.

ಮಲ್ಪೆ ಗಾಳಿ

2 ಇಂಚು ಇಟ್ಟಿದ್ದೆ, ಮೇಲೂ ಕೆಳಗೂ ಒಂದೇ. ನಾಳೆ ಅಂಗಡಿಗೆ ಹೋಗಿ ಅಳೆದು ಹಾಕ್ತೇನೆ.